ವಿಲೋಮ ಫಲನದ ನಿಷ್ಪನ್ನ

ಒಂದು ಫಲನದ (ಫಂಕ್ಷನ್‌ನ) ನಕ್ಷೆಗೆ ಒಂದು ಬಿಂದುವಿನಲ್ಲಿರುವ ಇಳಿಜಾರು ಗೊತ್ತಿದ್ದರೆ, ಅದರ ವಿಲೋಮದ ನಕ್ಷೆಗೆ ಅದಕ್ಕೆ ಜೋಡಿಯಾದ ಬಿಂದುವಿನಲ್ಲಿರುವ ಇಳಿಜಾರನ್ನು ಹೇಳುವ ಕಲನಶಾಸ್ತ್ರದ ನಿಯಮ. ಎರಡೂ ಇಳಿಜಾರುಗಳು ಪರಸ್ಪರ ವ್ಯುತ್ಕ್ರಮಗಳು. ಒಂದು 5 ಆಗಿದ್ದರೆ ಇನ್ನೊಂದು 1/5, ಒಂದು −2/3 ಆಗಿದ್ದರೆ ಇನ್ನೊಂದು −3/2. f ಎಂಬ ಫಲನದ ವಿಲೋಮವನ್ನು g ಎಂದು ಕರೆದು, f(a) = b ಎಂದಿಟ್ಟುಕೊಂಡರೆ ನಿಯಮವನ್ನು ಹೀಗೆ ಬರೆಯಬಹುದು:

g′(b) = 1 / f′(a)

ಇಲ್ಲಿ f′(a) ಸೊನ್ನೆಯಾಗಿರಬಾರದು. ವಿಲೋಮಕ್ಕೆ ಪ್ರತ್ಯೇಕ ಸೂತ್ರವನ್ನು ಬರೆಯಲು ಆಗದಿದ್ದಾಗಲೂ ಅದರ ನಿಷ್ಪನ್ನದ ಬೆಲೆಯನ್ನು ನಿಖರವಾಗಿ ಹೇಳಬಲ್ಲದು ಎಂಬುದೇ ಈ ನಿಯಮದ ಶಕ್ತಿ. ಲಾಗರಿದಮ್, ವರ್ಗಮೂಲ, ಘನಮೂಲ, ವಿಲೋಮ ತ್ರಿಕೋನಮಿತೀಯ ಫಲನಗಳು ಇವುಗಳ ನಿಷ್ಪನ್ನಗಳೆಲ್ಲ ಈ ಒಂದೇ ನಿಯಮದಿಂದ ಹೊರಡುತ್ತವೆ. ನಿಯಮ ಏಕೆ ನಿಜ ಎಂಬುದನ್ನು y = x ರೇಖೆಯ ಮೇಲಿನ ಪ್ರತಿಫಲನದ ಚಿತ್ರ ಒಂದೇ ನೋಟಕ್ಕೆ ತೋರಿಸುತ್ತದೆ.

ವಿಲೋಮ ಇರಬೇಕಾದರೆ

f ಎಂಬುದು x ಅನ್ನು ತೆಗೆದುಕೊಂಡು y ಕೊಡುತ್ತದೆ. ಆ y ಯಿಂದ ಮರಳಿ ಅದೇ x ಗೆ ತಲುಪಿಸುವ ಫಲನವೇ ವಿಲೋಮ. ಇದು ಸಾಧ್ಯವಾಗಬೇಕಾದರೆ ಒಂದು y ಗೆ ಒಂದೇ x ಇರಬೇಕು. y = x² ನಲ್ಲಿ y = 9 ಆದಾಗ x ಎಂಬುದು 3 ಆಗಿರಬಹುದು, −3 ಆಗಿರಬಹುದು. ಯಾವುದಕ್ಕೆ ಮರಳಬೇಕೆಂದು ಗೊತ್ತಿಲ್ಲದ ಕಾರಣ ಇಡೀ ಸಂಖ್ಯಾರೇಖೆಯ ಮೇಲೆ x² ಗೆ ವಿಲೋಮವಿಲ್ಲ. x ಸೊನ್ನೆ ಅಥವಾ ಧನ ಸಂಖ್ಯೆ ಮಾತ್ರ ಎಂದು ಕಟ್ಟು ಹಾಕಿದರೆ ಗೊಂದಲ ತೀರುತ್ತದೆ, ವರ್ಗಮೂಲ ವಿಲೋಮವಾಗುತ್ತದೆ.

ಒಂದು ಅಂತರಾಳದ ಮೇಲೆ f ಎಲ್ಲೂ ತುಂಡಾಗದೆ ಸಾಗುತ್ತ, ಯಾವಾಗಲೂ ಏರುತ್ತಲೇ ಅಥವಾ ಯಾವಾಗಲೂ ಇಳಿಯುತ್ತಲೇ ಇದ್ದರೆ ಅದಕ್ಕೆ ವಿಲೋಮ ಇದ್ದೇ ಇರುತ್ತದೆ. ಆ ವಿಲೋಮವೂ ತುಂಡಾಗದೆ ಸಾಗುತ್ತದೆ. ಈ ಎರಡನೆಯ ಮಾತು ಮುಂದೆ ಸಾಧನೆಯಲ್ಲಿ ಮುಖ್ಯವಾಗಿ ಬೇಕಾಗುತ್ತದೆ.

ವಿಲೋಮವನ್ನು f⁻¹ ಎಂದು ಬರೆಯುವ ರೂಢಿಯಿದೆ. ಆ −1 ಘಾತಾಂಕವಲ್ಲ. f⁻¹ ಬೇರೆ, 1/f ಬೇರೆ. ವ್ಯುತ್ಕ್ರಮವಾಗುವುದು ಇಳಿಜಾರು, ಫಲನವಲ್ಲ. ಈ ಲೇಖನದಲ್ಲಿ ಗೊಂದಲ ಬೇಡವೆಂದು ವಿಲೋಮಕ್ಕೆ g ಎಂಬ ಅಕ್ಷರವನ್ನು ಬಳಸಿದೆ.

ಪ್ರತಿಫಲನದ ಚಿತ್ರ

f ನ ನಕ್ಷೆಯ ಮೇಲೆ (a, b) ಎಂಬ ಬಿಂದು ಇದ್ದರೆ g ನ ನಕ್ಷೆಯ ಮೇಲೆ (b, a) ಇರುತ್ತದೆ. ಏಕೆಂದರೆ f ಎಂಬುದು a ಯನ್ನು b ಗೆ ಒಯ್ದರೆ g ಎಂಬುದು b ಯನ್ನು a ಗೆ ತರುತ್ತದೆ. ನಿರ್ದೇಶಾಂಕಗಳು ಜಾಗ ಬದಲಾಯಿಸಿಕೊಂಡವು, ಅಷ್ಟೆ.

ಈ ಅದಲುಬದಲು ಚಿತ್ರದಲ್ಲಿ ಏನು ಮಾಡುತ್ತದೆ? (a, b) ಮತ್ತು (b, a) ಗಳನ್ನು ಸೇರಿಸುವ ರೇಖಾಖಂಡದ ಮಧ್ಯಬಿಂದುವಿನ ಎರಡೂ ನಿರ್ದೇಶಾಂಕಗಳು (a + b)/2. ಆದ್ದರಿಂದ ಅದು y = x ರೇಖೆಯ ಮೇಲೆಯೇ ಇದೆ. ಆ ರೇಖಾಖಂಡದ ಇಳಿಜಾರು (a − b)/(b − a), ಅಂದರೆ −1. y = x ರೇಖೆಯ ಇಳಿಜಾರು 1. ಎರಡರ ಗುಣಲಬ್ಧ −1 ಆದ್ದರಿಂದ ಅವು ಪರಸ್ಪರ ಲಂಬ. ಹಾಗಾಗಿ y = x ಎಂಬುದು ಎರಡು ಬಿಂದುಗಳ ನಡುವೆ ನಿಂತ ಕನ್ನಡಿ: ಒಂದು ಬಿಂದು ಎಷ್ಟು ದೂರ ಈಚೆಗಿದೆಯೋ ಇನ್ನೊಂದು ಅಷ್ಟೇ ದೂರ ಆಚೆಗಿದೆ. ತೆಳುವಾದ ಟ್ರೇಸಿಂಗ್ ಹಾಳೆಯ ಮೇಲೆ ಎರಡೂ ಅಕ್ಷಗಳಿಗೆ ಒಂದೇ ಅಳತೆ ಇಟ್ಟು f ನ ನಕ್ಷೆ ಬರೆದು, y = x ರೇಖೆಯ ಉದ್ದಕ್ಕೂ ಹಾಳೆಯನ್ನು ಮಡಚಿ ಬೆಳಕಿಗೆ ಹಿಡಿದರೆ ಆಚೆ ಬದಿಯಲ್ಲಿ ಕಾಣುವುದೇ g ನ ನಕ್ಷೆ. ಮಡಚಿದಾಗ x ಅಕ್ಷ y ಅಕ್ಷದ ಮೇಲೆ ಬಂದು ಕೂರುತ್ತದೆ.

ವಕ್ರರೇಖೆಯ ಜೊತೆಗೆ ಅದರ ಸ್ಪರ್ಶಕವೂ ಮಡಚಿಕೊಳ್ಳುತ್ತದೆ. f ನ ನಕ್ಷೆಗೆ (a, b) ಯಲ್ಲಿ ಎಳೆದ ಸ್ಪರ್ಶಕವು ಆಚೆ ಬದಿಯಲ್ಲಿ g ನ ನಕ್ಷೆಗೆ (b, a) ಯಲ್ಲಿ ಸ್ಪರ್ಶಕವಾಗಿ ನಿಲ್ಲುತ್ತದೆ. ಇನ್ನು ಉಳಿಯುವ ಪ್ರಶ್ನೆ ಸರಳರೇಖೆಯದು ಮಾತ್ರ: ಇಳಿಜಾರು m ಆಗಿರುವ ರೇಖೆಯನ್ನು y = x ನಲ್ಲಿ ಪ್ರತಿಫಲಿಸಿದರೆ ಅದರ ಇಳಿಜಾರು ಎಷ್ಟಾಗುತ್ತದೆ? ಮೂಲ ರೇಖೆಯ ಮೇಲೆ 1 ಮಾನ ಬಲಕ್ಕೆ ಸರಿದರೆ m ಮಾನ ಮೇಲಕ್ಕೆ ಹೋಗುತ್ತೇವೆ. ಪ್ರತಿಫಲನದಲ್ಲಿ ಬಲಕ್ಕೆ ಎಂಬುದು ಮೇಲಕ್ಕೆ ಎಂದಾಗುತ್ತದೆ, ಮೇಲಕ್ಕೆ ಎಂಬುದು ಬಲಕ್ಕೆ ಎಂದಾಗುತ್ತದೆ. ಆದ್ದರಿಂದ m ಮಾನ ಬಲಕ್ಕೆ ಸರಿದಾಗ 1 ಮಾನ ಮೇಲಕ್ಕೆ; ಇಳಿಜಾರು 1/m. ಕೋನಗಳ ಲೆಕ್ಕದಲ್ಲಿ ಹೇಳುವುದಾದರೆ, ಮೇಲೇರುವ ರೇಖೆ x ಅಕ್ಷದೊಂದಿಗೆ θ ಕೋನ ಮಾಡುತ್ತಿದ್ದರೆ ಅದರ ಪ್ರತಿಬಿಂಬ y ಅಕ್ಷದೊಂದಿಗೆ θ ಮಾಡುತ್ತದೆ, ಅಂದರೆ x ಅಕ್ಷದೊಂದಿಗೆ 90° − θ. ಅವುಗಳ ಟ್ಯಾನ್ ಬೆಲೆಗಳ ಗುಣಲಬ್ಧ 1.

ಇಲ್ಲಿ ಚಿಹ್ನೆ ಬದಲಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ರೇಖೆಯನ್ನು 90° ತಿರುಗಿಸಿದರೆ ಇಳಿಜಾರು −1/m ಆಗುತ್ತದೆ. ಅದು ಲಂಬರೇಖೆಯ ನಿಯಮ. ನಾವು ಮಾಡುತ್ತಿರುವುದು ತಿರುಗಿಸುವ ಕೆಲಸವಲ್ಲ, ಮಡಚುವ ಕೆಲಸ. ಏರುವ ಫಲನದ ವಿಲೋಮ ಏರುತ್ತದೆ, ಇಳಿಯುವ ಫಲನದ ವಿಲೋಮ ಇಳಿಯುತ್ತದೆ. ಉತ್ತರದಲ್ಲಿ ಚಿಹ್ನೆ ತಿರುಗಿದ್ದರೆ ಎಲ್ಲೋ ಲಂಬದ ನಿಯಮ ನುಸುಳಿದೆ ಎಂದು ತಿಳಿಯಬಹುದು.

ಒಂದು ಉದಾಹರಣೆ

f(x) = x³ + x ಎಂಬ ಫಲನವನ್ನು ತೆಗೆದುಕೊಳ್ಳೋಣ. ಇದರ ನಿಷ್ಪನ್ನ 3x² + 1 ಯಾವ x ಗೂ 1 ಕ್ಕಿಂತ ಕಡಿಮೆಯಾಗುವುದಿಲ್ಲ. ಹಾಗಾಗಿ f ಯಾವಾಗಲೂ ಏರುತ್ತಲೇ ಇರುತ್ತದೆ, ಅದಕ್ಕೆ ಎಲ್ಲೆಡೆ ವಿಲೋಮವಿದೆ. ಆದರೆ ಆ ವಿಲೋಮವನ್ನು ಬರೆಯಬೇಕಾದರೆ x³ + x = y ಎಂಬ ಘನ ಸಮೀಕರಣವನ್ನು x ಗಾಗಿ ಬಿಡಿಸಬೇಕು. ಉತ್ತರದಲ್ಲಿ ವರ್ಗಮೂಲದ ಒಳಗೊಂದು, ಘನಮೂಲದ ಒಳಗೊಂದು ಎಂದು ಪದಗಳು ಹೆಣೆದುಕೊಳ್ಳುತ್ತವೆ. ಅದರ ನಿಷ್ಪನ್ನ ಕಂಡುಹಿಡಿಯುವುದು ಇನ್ನೂ ತೊಡಕಿನ ಕೆಲಸ.

ನಮಗೆ ಬೇಕಾದದ್ದು g′(10) ಎಂದಿರಲಿ. ಮೊದಲ ಹೆಜ್ಜೆ, ಯಾವ x ಗೆ f ನ ಬೆಲೆ 10 ಆಗುತ್ತದೆ ಎಂದು ನೋಡುವುದು. 2³ + 2 = 10, ಆದ್ದರಿಂದ a = 2. ಎರಡನೆಯ ಹೆಜ್ಜೆ, ಆ ಬಿಂದುವಿನಲ್ಲಿ f ನ ಇಳಿಜಾರು: f′(2) = 3 × 4 + 1 = 13. ಮೂರನೆಯದು ವ್ಯುತ್ಕ್ರಮ: g′(10) = 1/13, ಸುಮಾರು 0.0769.

ಚಿತ್ರದಲ್ಲಿ ಇದನ್ನು ಪರೀಕ್ಷಿಸಬಹುದು. (2, 10) ರಲ್ಲಿ f ನ ಸ್ಪರ್ಶಕ y = 13x − 16. x ಮತ್ತು y ಗಳನ್ನು ಅದಲುಬದಲು ಮಾಡಿದರೆ x = 13y − 16, ಅಂದರೆ y = (x + 16)/13. ಇದರಲ್ಲಿ x = 10 ಹಾಕಿದರೆ y = 2 ಬರುತ್ತದೆ; ರೇಖೆ (10, 2) ರ ಮೂಲಕವೇ ಹಾದುಹೋಗುತ್ತಿದೆ, ಇಳಿಜಾರು 1/13. ಮೊದಲ ಸ್ಪರ್ಶಕ x ಅಕ್ಷದೊಂದಿಗೆ ಸುಮಾರು 85.6° ಮಾಡುವಷ್ಟು ಕಡಿದಾಗಿದ್ದರೆ ಎರಡನೆಯದು ಸುಮಾರು 4.4° ಮಾತ್ರ ಏರುತ್ತದೆ. ಎರಡೂ ಸೇರಿ 90°.

ಈ ಇಳಿಜಾರಿನಿಂದ ವಿಲೋಮದ ಹತ್ತಿರದ ಬೆಲೆಗಳನ್ನೂ ಅಂದಾಜು ಮಾಡಬಹುದು. x³ + x = 10.1 ಆಗುವ x ಎಷ್ಟು? y ಯಲ್ಲಿ 0.1 ಹೆಚ್ಚಾಗಿದೆ, ಆದ್ದರಿಂದ x ನಲ್ಲಿ ಸುಮಾರು 0.1/13 ಹೆಚ್ಚಾಗಬೇಕು: 2.00769. ಸಮೀಕರಣ ಬಿಡಿಸಿ ನೋಡಿದರೆ ನಿಜವಾದ ಬೆಲೆ ಸುಮಾರು 2.00767. ಅಂದಾಜು ತುಸು ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಇಲ್ಲಿ f ನ ನಕ್ಷೆ ಮೇಲಕ್ಕೆ ಬಾಗಿದೆ. ಮಡಚಿದಾಗ g ನ ನಕ್ಷೆ ಕೆಳಕ್ಕೆ ಬಾಗಿ ತನ್ನ ಸ್ಪರ್ಶಕದ ಅಡಿಯಲ್ಲಿ ಉಳಿಯುತ್ತದೆ.

ಈ ಲೆಕ್ಕದಲ್ಲಿ ಬಹಳ ಸಲ ಆಗುವ ತಪ್ಪು, f′ ಅನ್ನು 10 ರಲ್ಲೇ ಲೆಕ್ಕಹಾಕುವುದು. f′(10) = 301; ಅದರ ವ್ಯುತ್ಕ್ರಮ 1/301 ಎಂಬುದೂ ವಿಲೋಮದ ಇಳಿಜಾರೇ, ಆದರೆ ಬೇರೆ ಕಡೆಯದು. f(10) = 1010 ಆದ್ದರಿಂದ ಅದು g′(1010) ರ ಬೆಲೆ. 10 ಎಂಬುದು f ನ ಮಟ್ಟಿಗೆ ಉತ್ತರ, g ನ ಮಟ್ಟಿಗೆ ಪ್ರಶ್ನೆ. f ನ ಇಳಿಜಾರನ್ನು ಓದಬೇಕಾದದ್ದು f ಗೆ ಕೊಡುವ ಸಂಖ್ಯೆಯಲ್ಲಿ, ಅಂದರೆ 2 ರಲ್ಲಿ. ಇದನ್ನು ಮರೆಯದಿರಲೆಂದೇ ನಿಯಮವನ್ನು ಪೂರ್ಣವಾಗಿ ಹೀಗೆ ಬರೆಯುತ್ತಾರೆ:

g′(y) = 1 / f′(g(y))

ಲೈಬ್ನಿಟ್ಸ್ ರೂಢಿಸಿದ ಸಂಕೇತದಲ್ಲಿ ಇದೇ ನಿಯಮ dx/dy = 1 / (dy/dx) ಎಂದಾಗುತ್ತದೆ. ಭಿನ್ನರಾಶಿಯನ್ನು ತಿರುವಿ ಹಾಕಿದಂತೆ ಕಾಣುವ ಈ ರೂಪ ನೆನಪಿಗೆ ಸುಲಭ. ಆದರೆ ಎರಡೂ ಇಳಿಜಾರುಗಳನ್ನು ಎಲ್ಲಿ ಅಳೆಯಬೇಕೆಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ. ಮೇಲಿನ ತಪ್ಪಿನ ಮೂಲ ಅಲ್ಲಿದೆ.

ಸಾಧನೆ

ಸರಪಳಿ ನಿಯಮದಿಂದ ಸೂತ್ರ ಒಂದೇ ಸಾಲಿನಲ್ಲಿ ಬರುತ್ತದೆ. f(g(y)) = y ಎಂಬುದರ ಎರಡೂ ಬದಿಗಳನ್ನು ಅವಕಲಿಸಿದರೆ f′(g(y)) × g′(y) = 1. ಆದರೆ ಈ ಸಾಲಿನಲ್ಲೊಂದು ಕೊರತೆಯಿದೆ: g ಗೆ ನಿಷ್ಪನ್ನ ಇದೆಯೆಂದು ಅದು ಮೊದಲೇ ಒಪ್ಪಿಕೊಂಡಿದೆ. ನಿಷ್ಪನ್ನ ಇದ್ದರೆ ಅದರ ಬೆಲೆ ಇಷ್ಟು ಎಂದು ಹೇಳುತ್ತದೆಯೇ ಹೊರತು, ಇದೆ ಎಂದು ತೋರಿಸುವುದಿಲ್ಲ.

ಪೂರ್ಣ ಸಾಧನೆಗೆ ನಿಷ್ಪನ್ನದ ಮೂಲ ವ್ಯಾಖ್ಯೆಗೇ ಹೋಗಬೇಕು. b ಯಿಂದ k ಯಷ್ಟು ಸರಿದಾಗ g ಎಂಬುದು a ಯಿಂದ h ನಷ್ಟು ಸರಿಯುತ್ತದೆ ಎಂದುಕೊಳ್ಳೋಣ. ಅಂದರೆ g(b + k) = a + h, ಮತ್ತು k = f(a + h) − f(a). ಒಂದು y ಗೆ ಒಂದೇ x ಇರುವುದರಿಂದ k ಸೊನ್ನೆಯಲ್ಲದಿದ್ದರೆ h ಕೂಡ ಸೊನ್ನೆಯಲ್ಲ. g ನ ಸರಾಸರಿ ಇಳಿಜಾರು h/k. ಅದು k/h ನ, ಅಂದರೆ f ನ ಸರಾಸರಿ ಇಳಿಜಾರಿನ, ವ್ಯುತ್ಕ್ರಮ. ಇಲ್ಲಿಯವರೆಗೆ ಬರೀ ಅಂಕಗಣಿತ. ಈಗ k ಸೊನ್ನೆಯತ್ತ ಸಾಗಲಿ. g ತುಂಡಾಗದ ಫಲನವಾದ್ದರಿಂದ h ಕೂಡ ಸೊನ್ನೆಯತ್ತ ಸಾಗುತ್ತದೆ. ಆಗ k/h ಎಂಬುದು f′(a) ಗೆ, h/k ಎಂಬುದು 1/f′(a) ಗೆ ತಲುಪುತ್ತದೆ.

ನಮ್ಮ ಉದಾಹರಣೆಯಲ್ಲಿ ಈ ನಡೆಯನ್ನು ಕಣ್ಣಾರೆ ಕಾಣಬಹುದು. h = 0.1 ಆದಾಗ k = 1.361, h/k ಸುಮಾರು 0.0735. h = 0.01 ಆದಾಗ k = 0.130601, h/k ಸುಮಾರು 0.0766. h = 0.001 ಆದಾಗ h/k ಸುಮಾರು 0.0769. ಬೆಲೆಗಳು 1/13 ರ ಕಡೆಗೆ ನೆಟ್ಟಗೆ ನಡೆಯುತ್ತಿವೆ.

ಸೂತ್ರ ನಿಲ್ಲದ ಕಡೆ

ಸ್ಪರ್ಶಕ ಅಡ್ಡಡ್ಡ ಮಲಗಿದ್ದರೆ, ಅಂದರೆ f′(a) = 0 ಆದರೆ, ಅದರ ಪ್ರತಿಬಿಂಬ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗೆ ನಿಂತ ರೇಖೆಗೆ ಇಳಿಜಾರು ಎಂಬ ಸಂಖ್ಯೆಯಿಲ್ಲ. y = x³ ಇದಕ್ಕೆ ಸರಳ ಉದಾಹರಣೆ. ಇದು ಯಾವಾಗಲೂ ಏರುತ್ತದೆ, ಆದ್ದರಿಂದ ವಿಲೋಮ ಇದೆ, ಅದು ಘನಮೂಲ. ಆದರೆ ಮೂಲಬಿಂದುವಿನಲ್ಲಿ x³ ನ ಇಳಿಜಾರು ಸೊನ್ನೆ. ಅದರ ಹತ್ತಿರ ಘನಮೂಲದ ಇಳಿಜಾರು ಹೇಗೆ ಬೆಳೆಯುತ್ತದೆ ಎಂದು ನೋಡಿ: y = 0.001 ರಲ್ಲಿ x = 0.1, x³ ನ ಇಳಿಜಾರು 0.03, ಘನಮೂಲದ ಇಳಿಜಾರು ಸುಮಾರು 33. y = 0.000001 ರಲ್ಲಿ ಅದು ಸುಮಾರು 3333. ಸೊನ್ನೆಯಲ್ಲಿ ವಿಲೋಮ ಇದೆ, ಅದು ತುಂಡಾಗಿಯೂ ಇಲ್ಲ, ಆದರೆ ನಿಷ್ಪನ್ನ ಮಾತ್ರ ಇಲ್ಲ. ಸರಪಳಿ ನಿಯಮವೂ ಇದನ್ನೇ ಹೇಳುತ್ತದೆ: 0 × g′(0) = 1 ಆಗುವಂಥ ಸಂಖ್ಯೆ ಯಾವುದೂ ಇಲ್ಲ.

ಇನ್ನೊಂದು ಎಚ್ಚರ ವಿಲೋಮದ ಶಾಖೆಯ ಆಯ್ಕೆಯಲ್ಲಿ ಬೇಕು. sin x = 1/2 ಆಗುವುದು x = π/6 ರಲ್ಲಿಯೂ ಹೌದು, 5π/6 ರಲ್ಲಿಯೂ ಹೌದು. ಮೊದಲನೆಯದರಲ್ಲಿ ಸೈನ್‌ನ ಇಳಿಜಾರು √3/2, ಎರಡನೆಯದರಲ್ಲಿ −√3/2. ಆದ್ದರಿಂದ ವಿಲೋಮದ ಇಳಿಜಾರು ಒಂದು ಶಾಖೆಯಲ್ಲಿ 2/√3, ಇನ್ನೊಂದರಲ್ಲಿ −2/√3. ಪಠ್ಯಪುಸ್ತಕಗಳು ಆರ್ಕ್‌ಸೈನ್‌ನ ನಿಷ್ಪನ್ನವನ್ನು 1/√(1 − y²) ಎಂದು ಧನ ಚಿಹ್ನೆಯೊಂದಿಗೆ ಕೊಡುವುದು, ಕೋನವನ್ನು −π/2 ಮತ್ತು π/2 ರ ನಡುವೆ ಇಟ್ಟುಕೊಳ್ಳುವ ಒಪ್ಪಂದದ ಮೇಲೆ. ಆ ಅಂತರಾಳದಲ್ಲಿ ಕೊಸೈನ್ ಋಣವಾಗುವುದಿಲ್ಲ.

ಮೂರನೆಯದು ಸೂಕ್ಷ್ಮವಾದ ವಿಷಯ. ಒಂದೇ ಒಂದು ಬಿಂದುವಿನಲ್ಲಿ f′ ಸೊನ್ನೆಯಲ್ಲ ಎಂದ ಮಾತ್ರಕ್ಕೆ ಅದರ ಸುತ್ತ ವಿಲೋಮ ಇದೆ ಎನ್ನಲಾಗದು. f(x) = x/2 + x² sin(1/x), f(0) = 0 ಎಂಬ ಫಲನಕ್ಕೆ ಸೊನ್ನೆಯಲ್ಲಿ ಇಳಿಜಾರು 1/2. ಆದರೆ ಸೊನ್ನೆಗೆ ಎಷ್ಟು ಹತ್ತಿರ ಹೋದರೂ ಅದರ ಇಳಿಜಾರು ಕೆಲವೆಡೆ ಧನ, ಕೆಲವೆಡೆ ಋಣ; x = 1/(2πn) ಎಂಬ ಬಿಂದುಗಳಲ್ಲೆಲ್ಲ −1/2. ನಕ್ಷೆ ಏರುತ್ತ ಇಳಿಯುತ್ತ ಹೋಗುವುದರಿಂದ ಒಂದು y ಗೆ ಒಂದೇ x ಎಂಬ ನಿಯಮ ಮುರಿಯುತ್ತದೆ. f′ ಕೂಡ ತುಂಡಾಗದೆ ಸಾಗುವ ಫಲನವಾಗಿದ್ದರೆ ಈ ತೊಂದರೆ ಬಾರದು. ಆಗ a ಯಲ್ಲಿ ಸೊನ್ನೆಯಲ್ಲದ ಇಳಿಜಾರು a ಯ ಅಕ್ಕಪಕ್ಕದಲ್ಲೂ ತನ್ನ ಚಿಹ್ನೆಯನ್ನು ಉಳಿಸಿಕೊಳ್ಳುತ್ತದೆ, ಫಲನ ಅಲ್ಲಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ.

ಲಾಗರಿದಮ್ ಮತ್ತು ಆರ್ಕ್‌ಟ್ಯಾನ್

f(x) = eˣ ನ ವಿಶೇಷ, ಅದರ ಇಳಿಜಾರು ಅದರ ಬೆಲೆಗೇ ಸಮ ಎಂಬುದು. ನಕ್ಷೆಯ ಮೇಲೆ ಎತ್ತರ y ಇರುವಲ್ಲಿ ಇಳಿಜಾರೂ y. ಪ್ರತಿಫಲನದ ನಂತರ ಆ ಇಳಿಜಾರು 1/y ಆಗುತ್ತದೆ. ಹಾಗಾಗಿ ಸ್ವಾಭಾವಿಕ ಲಾಗರಿದಮ್‌ನ ನಿಷ್ಪನ್ನ 1/y. 5 ರ ಲಾಗರಿದಮ್ ಎಷ್ಟೆಂದು ತಿಳಿಯದವರೂ ಅಲ್ಲಿ ಲಾಗರಿದಮ್‌ನ ಇಳಿಜಾರು 1/5 ಎಂದು ಹೇಳಬಹುದು. ಲಾಗರಿದಮ್ ಅನ್ನು ಘಾತ ಫಲನದ ವಿಲೋಮವಾಗಿ ನೋಡುವ ಕ್ರಮವನ್ನು ಆಯ್ಲರ್ 1748 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದ.

ಟ್ಯಾನ್ ಫಲನದ ನಿಷ್ಪನ್ನ 1 + tan² x. ಎತ್ತರ t ಇರುವಲ್ಲಿ ಇಳಿಜಾರು 1 + t². ಆದ್ದರಿಂದ ಆರ್ಕ್‌ಟ್ಯಾನ್‌ನ ಇಳಿಜಾರು 1/(1 + t²). ಈ ಫಲಿತಾಂಶವನ್ನು ಟ್ಯಾನ್‌ನ ನಿಷ್ಪನ್ನದ ನೆರವಿಲ್ಲದೆ, ವಿಲೋಮದ ಬದಿಯಿಂದಲೇ ನೇರವಾಗಿ ಪಡೆದದ್ದು ಕೇರಳದ ಗಣಿತಜ್ಞರ ಸಾಧನೆ. ಸಂಗಮಗ್ರಾಮದ ಮಾಧವನ ಪರಂಪರೆಯ ಜ್ಯೇಷ್ಠದೇವ 16ನೆಯ ಶತಮಾನದಲ್ಲಿ ಮಲಯಾಳಂನಲ್ಲಿ ಬರೆದ ಯುಕ್ತಿಭಾಷಾದಲ್ಲಿ ಅದರ ವಿವರವಾದ ಉಪಪತ್ತಿ ಇದೆ. ಅಲ್ಲಿ ವೃತ್ತಕ್ಕೆ ಹೊರಗಿನಿಂದ ತಗುಲಿದ ಚೌಕದ ಬದಿಯನ್ನು ಸಮಾನವಾದ ಸಣ್ಣ ತುಂಡುಗಳಾಗಿ ಭಾಗಿಸಿ, ಪ್ರತಿ ತುಂಡಿನ ತುದಿಯಿಂದ ಕೇಂದ್ರಕ್ಕೆ ಕರ್ಣ ಎಳೆದು, ಎರಡು ಕರ್ಣಗಳ ನಡುವೆ ಸಿಕ್ಕ ಕಂಸ ಎಷ್ಟೆಂದು ಕೇಳಲಾಗುತ್ತದೆ.

ಆ ಯುಕ್ತಿಯನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು. ವೃತ್ತದ ತ್ರಿಜ್ಯ 1, ಚೌಕದ ಬದಿಯ ಮೇಲೆ t ದೂರದಲ್ಲಿರುವ ತುಂಡಿನ ಉದ್ದ s ಎಂದಿರಲಿ. ಕೇಂದ್ರದಿಂದ ಅಲ್ಲಿಗೆ ಕರ್ಣ √(1 + t²). ತುಂಡು ಕರ್ಣಕ್ಕೆ ಓರೆಯಾಗಿದೆ. ಕರ್ಣಕ್ಕೆ ಲಂಬವಾದ ಅದರ ಅಂಶ s/√(1 + t²). ಈ ಅಂಶ ಇರುವುದು √(1 + t²) ದೂರದಲ್ಲಿ. ಅದನ್ನು 1 ದೂರದ ವೃತ್ತಕ್ಕೆ ಇಳಿಸಬೇಕಾದರೆ ಅದೇ ಕರ್ಣದಿಂದ ಇನ್ನೊಮ್ಮೆ ಭಾಗಿಸಬೇಕು. ಹೀಗೆ ಕಂಸದ ತುಂಡು ಸುಮಾರು s/(1 + t²). ಎರಡು ಸಲ ಸದೃಶ ತ್ರಿಭುಜಗಳನ್ನು ಬಳಸಿದ ಮಾತ್ರಕ್ಕೆ ವಿಲೋಮದ ಇಳಿಜಾರು ದೊರೆಯಿತು. t = 1, s = 0.01 ಆದಾಗ ಸೂತ್ರ 0.005 ಕೊಡುತ್ತದೆ, ನಿಜವಾದ ಕಂಸ ಸುಮಾರು 0.004975. ಇಂಥ ತುಂಡುಗಳನ್ನೆಲ್ಲ ಕೂಡಿಸಿಯೇ ಆ ಪರಂಪರೆ π/4 = 1 − 1/3 + 1/5 − 1/7 + … ಎಂಬ ಶ್ರೇಣಿಗೆ ತಲುಪಿತು.

ಹಲವು ಚರಗಳಿದ್ದಾಗ

ಎರಡು ಅಥವಾ ಹೆಚ್ಚು ಚರಗಳ ಫಲನಗಳಲ್ಲಿ ಒಂದೊಂದೇ ಇಳಿಜಾರನ್ನು ತಿರುವಿ ಹಾಕುವಂತಿಲ್ಲ. ಸಮತಲದ ಬಿಂದುವನ್ನು ದೂರ r ಮತ್ತು ಕೋನ θ ಗಳಿಂದ ಗುರುತಿಸಿದಾಗ x = r cos θ. θ ಬದಲಾಗದಂತೆ ಇಟ್ಟರೆ r ಗೆ ತಕ್ಕಂತೆ x ಬದಲಾಗುವ ದರ cos θ. ಇನ್ನೊಂದು ಕಡೆ r = √(x² + y²); y ಬದಲಾಗದಂತೆ ಇಟ್ಟರೆ x ಗೆ ತಕ್ಕಂತೆ r ಬದಲಾಗುವ ದರ x/r, ಅಂದರೆ ಅದೂ cos θ. θ = 60° ಆದಾಗ ಎರಡೂ ದರಗಳು 1/2; ಗುಣಲಬ್ಧ 1 ಅಲ್ಲ, 1/4. ಒಂದರಲ್ಲಿ θ ಸ್ಥಿರ, ಇನ್ನೊಂದರಲ್ಲಿ y ಸ್ಥಿರ. ಎರಡೂ ಬೇರೆ ಬೇರೆ ದಿಕ್ಕಿನ ನಡಿಗೆಗಳಾದ್ದರಿಂದ ಒಂದು ಇನ್ನೊಂದರ ಪ್ರತಿಬಿಂಬವಲ್ಲ.

ಇಲ್ಲಿ ವ್ಯುತ್ಕ್ರಮದ ಜಾಗಕ್ಕೆ ಬರುವುದು ಮಾತೃಕೆಯ ವಿಲೋಮ. ಒಂದು ಬಿಂದುವಿನಲ್ಲಿರುವ ಎಲ್ಲ ದರಗಳನ್ನು ಒಟ್ಟಿಗೆ ಜೋಡಿಸಿದ ಮಾತೃಕೆಗೆ ಯಾಕೋಬಿ ಮಾತೃಕೆ ಎಂದು ಹೆಸರು. ಅದರ ನಿರ್ಧಾರಕ ಸೊನ್ನೆಯಲ್ಲದಿದ್ದರೆ ಮತ್ತು ದರಗಳು ತುಂಡಾಗದೆ ಸಾಗುತ್ತಿದ್ದರೆ ಆ ಬಿಂದುವಿನ ಸುತ್ತ ವಿಲೋಮ ಇದೆ, ಅದರ ಯಾಕೋಬಿ ಮಾತೃಕೆ ಮೊದಲನೆಯದರ ವಿಲೋಮ ಮಾತೃಕೆ ಎಂಬುದು ವಿಲೋಮ ಫಲನ ಪ್ರಮೇಯ. r ಮತ್ತು θ ಗಳ ಉದಾಹರಣೆಯಲ್ಲಿ ನಿರ್ಧಾರಕದ ಬೆಲೆ r. ಅದು ಸೊನ್ನೆಯಾಗುವುದು ಕೇಂದ್ರದಲ್ಲಿ ಮಾತ್ರ, ಕೋನಕ್ಕೆ ಅರ್ಥವೇ ಇಲ್ಲದ ಜಾಗವೂ ಅದೇ. ಒಂದೇ ಚರವಿದ್ದಾಗ ಮಾತೃಕೆಯಲ್ಲಿ ಉಳಿಯುವುದು f′(a) ಎಂಬ ಒಂದೇ ಸಂಖ್ಯೆ. ಅದರ ವಿಲೋಮ 1/f′(a), ನಿರ್ಧಾರಕದ ಷರತ್ತು f′(a) ಸೊನ್ನೆಯಲ್ಲ ಎಂಬುದು.